ಅಜ್ಜಿಯ ಪದಕ್ಕೆ ಕೆಂಪು ಶಾಯಿ ಯಾಕೆ ಸ್ವಾಮಿ?

ಗೆಳೆಯರೇ, ನಿಮ್ಮಲ್ಲಿ ಕನ್ನಡವನ್ನು ಪ್ರಥಮ ಭಾಷೆಯಾಗಿ ಓದಿದವರಿಗೆ ಹತ್ತನೆಯ ತರಗತಿಯ ಆ ಪ್ರಶ್ನೆ ಮರೆತಿರಲಾರದು. ಒಂದು ಪದ್ಯದ ಸಾಲು ಕೊಟ್ಟು, ಪ್ರಸ್ತಾರ ಹಾಕಿ, ಗಣ ವಿಂಗಡಿಸಿ, ಛಂದಸ್ಸಿನ ಹೆಸರು ಬರೆಯಿರಿ ಎನ್ನುತ್ತಿದ್ದರು. ನೀವು ಅಕ್ಷರಗಳ ನೆತ್ತಿಯ ಮೇಲೆ ಅಡ್ಡಗೆರೆ, ಅರ್ಧಚಂದ್ರ ಎಳೆದಿರಿ. ನಾಲ್ಕು ನಾಲ್ಕು ಮಾತ್ರೆ ಬಂದರೆ ಒಂದು ಹೆಸರು, ಐದೈದು ಬಂದರೆ ಇನ್ನೊಂದು. ಅಂಕ ಬಂತು. ಆಮೇಲೆ ಅದನ್ನು ಯಾವತ್ತಾದರೂ ಬಳಸಿದಿರಾ? ಆ ಸಾಲನ್ನು ಯಾರಾದರೂ ಹಾಡಿದ್ದನ್ನು ಕೇಳಿದಿರಾ? ಲೆಕ್ಕದ ಮೇಷ್ಟ್ರು ಕೊಟ್ಟ ಕೂಡುವ ಕಳೆಯುವ ಲೆಕ್ಕಕ್ಕೂ ಅದಕ್ಕೂ ಏನು ವ್ಯತ್ಯಾಸವಿತ್ತು?

ಈಗ ಇನ್ನೊಂದು ಕಡೆ ನೋಡಿ. ನಿಮ್ಮಲ್ಲಿ ಬಹಳ ಜನರ ಅಪ್ಪ ಅಮ್ಮ ಬೆಂಗಳೂರಿಗೆ ಬಂದದ್ದು ನಾಗಮಂಗಲದಿಂದ, ಪಾಂಡವಪುರದಿಂದ, ಕೆ.ಆರ್.ಪೇಟೆಯಿಂದ, ಶ್ರೀರಂಗಪಟ್ಟಣದಿಂದ. ಹಬ್ಬಕ್ಕೆ ಊರಿಗೆ ಹೋದಾಗ ಜಗುಲಿಯ ಮೇಲೆ ಕೂತಿರುವ ನಿಮ್ಮ ಅಜ್ಜಿಗೆ ಛಂದಸ್ಸು ಎಂಬ ಪದ ಗೊತ್ತಿಲ್ಲ. ಆದರೆ ಬೀಸುವ ಕಲ್ಲಿನ ಮುಂದೆ ಕೂತು ಅವಳು ಹಾಡಿದ ಮೂರು ಸಾಲಿನ ಪದದಲ್ಲಿ ಹನ್ನೊಂದು ಗಣ ಇದ್ದವು. ಆರನೆಯದು ಮತ್ತು ಹತ್ತನೆಯದು ಚಿಕ್ಕವು, ಉಳಿದವು ದೊಡ್ಡವು. ಅದೇ ತ್ರಿಪದಿ. ಕ್ರಿ.ಶ. 700ರ ಸುಮಾರಿನ ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲಿ ಕಲ್ಲಿಗೆ ಕೆತ್ತಿದ್ದು ಇದನ್ನೇ. ಸರ್ವಜ್ಞ ಹೇಳಿದ್ದು ಇದರಲ್ಲೇ.

ಹಾಗಾದರೆ ಹೈಸ್ಕೂಲು ಮಕ್ಕಳಿಗೆ ಛಂದಸ್ಸು ಕಲಿಸಲು ಜನಪದ ಗೀತೆ ತಂದರೆ ಆಯಿತಲ್ಲ ಎನ್ನುತ್ತೀರಿ. ಎಲ್ಲರೂ ಹಾಗೇ ಎನ್ನುತ್ತಾರೆ. ರಾಜ್ಯೋತ್ಸವದ ಭಾಷಣದಲ್ಲಿ ಈ ಮಾತಿಗೆ ಚಪ್ಪಾಳೆಯೂ ಬೀಳುತ್ತದೆ. ಆದರೆ ತರಗತಿಯಲ್ಲಿ ಆಗುವುದೇ ಬೇರೆ. ಜನಪದ ಗೀತೆಯನ್ನು ತಂದು, ಕರಿಹಲಗೆಯ ಮೇಲೆ ಬರೆದು, ಷಟ್ಪದಿಗೆ ಹಾಕಿದ ಹಾಗೇ ಅದಕ್ಕೂ ಮಾತ್ರೆ ಲೆಕ್ಕ ಹಾಕಿದರೆ ಪದ ತಪ್ಪೆಂದು ಬರುತ್ತದೆ. ಮಗು ಮನೆಗೆ ಹೋಗಿ 'ಅಜ್ಜಿ, ನಿನ್ ಪದ ಸರಿ ಇಲ್ವಂತೆ' ಎನ್ನುತ್ತದೆ. ಅಲ್ಲಿಗೆ ಮುಗಿಯಿತು. ಹಾಡನ್ನು ಉಳಿಸಲು ಹೋದ ಪಾಠವೇ ಹಾಡಿನ ಬಾಯಿ ಮುಚ್ಚಿಸಿತು.

ತಪ್ಪು ಎಲ್ಲಿ ಆಗುತ್ತದೆ ಎಂದು ನೋಡಬೇಕಾದರೆ ಒಂದು ಪದ ಎದುರಿಗೆ ಬೇಕು. ಯಾರದೋ ಪದವನ್ನು ಕೊಯ್ದು ನೋಡುವುದು ಬೇಡ. ಅಭ್ಯಾಸಕ್ಕೆಂದು ನಾನೇ ಮೂರು ಸಾಲು ಹೆಣೆದಿದ್ದೇನೆ. ಪಟ್ಟಣ ಸೇರಿದ ತಮ್ಮನನ್ನು ಅಕ್ಕ ಕರೆಯುತ್ತಿದ್ದಾಳೆ. ನಿಮಗೇ ಹೇಳಿದ್ದು ಅಂದುಕೊಳ್ಳಿ:

ಪೇಟೆಗೆ ಹೋದವ ಏತಕ್ಕೆ ಬರಲಿಲ್ಲ
ತೋಟದ ಬಾಳೆ ಗೊನೆಬಾಗಿ ನಿಂತೈತೆ
ಊಟಕ್ಕೆ ಬಾರೊ ನನತಮ್ಮ

ಮೊದಲು ಶಾಲೆಯ ದಾರಿಯಲ್ಲೇ ಹೋಗೋಣ. ಗುರುವಿಗೆ ಎರಡು ಮಾತ್ರೆ, ಲಘುವಿಗೆ ಒಂದು. ದೀರ್ಘಾಕ್ಷರ, ಸೊನ್ನೆ ಇರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ ಗುರು. ಮೊದಲ ಸಾಲಿನಲ್ಲಿ ಒಟ್ಟು ಹದಿನೆಂಟು ಮಾತ್ರೆ. ನಾಲ್ಕು ನಾಲ್ಕಾಗಿ ಒಡೆಯಿರಿ. 'ಪೇಟೆಗೆ' ನಾಲ್ಕು, ಸರಿ. 'ಹೋದವ' ನಾಲ್ಕು, ಸರಿ. 'ಏತ' ಎಂಬಲ್ಲಿಗೇ ನಾಲ್ಕಾಯಿತು. ಏಕೆಂದರೆ 'ತ' ಮುಂದಿನ ಒತ್ತಿನಿಂದ ಗುರುವಾಗಿದೆ. ಮುಂದೆ 'ಕ್ಕೆಬರ' ಮೂರು, ಅದಕ್ಕೆ 'ಲಿ' ಸೇರಿಸಿದರೆ ಐದು. ಗಣ ಅಕ್ಷರದ ನಡುಮಧ್ಯೆ ಸಿಕ್ಕಿಬಿತ್ತು. ಐದೈದಾಗಿ ಒಡೆಯಲು ಹೋದರೆ ಮೊದಲ ಹೆಜ್ಜೆಯಲ್ಲೇ ಮುಗ್ಗರಿಸುತ್ತೀರಿ, ನಾಲ್ಕರ ಮೇಲೆ ಎರಡು ಬಂದು ಆರಾಗುತ್ತದೆ.

ಇದಕ್ಕಿಂತ ಅಪಾಯ ಎರಡನೆಯ ಸಾಲಿನಲ್ಲಿದೆ. ಅದನ್ನು ನಾಲ್ಕು ನಾಲ್ಕಾಗಿ ಒಡೆಯಲು ಬರುತ್ತದೆ! 'ತೋಟದ', 'ಬಾಳೆಗೊ', 'ನೆಬಾಗಿ', 'ನಿಂತೈ', ಕೊನೆಗೆ ಒಂಟಿ 'ತೆ'. ಲೆಕ್ಕ ಹೆಚ್ಚು ಕಡಿಮೆ ಸರಿ. ಆದರೆ ಹಾಗೆ ಒಡೆದು ಒಮ್ಮೆ ಜೋರಾಗಿ ಓದಿ. 'ನೆಬಾಗಿ' ಎಂದು ಯಾವ ಹೆಂಗಸು ಹಾಡಿದ್ದಾಳೆ? ಕಾಗದದ ಮೇಲೆ ಸರಿ ಬಂದದ್ದು ಬಾಯಲ್ಲಿ ಬರದಿದ್ದರೆ ಕಾಗದವೇ ತಪ್ಪು. ಗಣ ಹಿಡಿದದ್ದು ಸರಿಯೋ ತಪ್ಪೋ ಎಂದು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಒರೆಗಲ್ಲು ಇಲ್ಲ.

ಯಾಕೆ ಹೀಗಾಯಿತು? ಈ ಪದ ನಡೆಯುವುದು ಮಾತ್ರೆಯ ಲೆಕ್ಕದಲ್ಲಲ್ಲ, ಅಂಶದ ಲೆಕ್ಕದಲ್ಲಿ. ಕನ್ನಡದ ಅಚ್ಚ ದೇಸಿ ಮಟ್ಟುಗಳ ಅಳತೆಗೋಲು ಇದು. ಹತ್ತನೆಯ ಶತಮಾನದ ಕೊನೆಯಲ್ಲಿ ನಾಗವರ್ಮ 'ಛಂದೋಂಬುಧಿ' ಬರೆದಾಗಲೇ ಇದಕ್ಕೆ ಬ್ರಹ್ಮ, ವಿಷ್ಣು, ರುದ್ರ ಎಂಬ ಹೆಸರಿದ್ದವು. ಎರಡು ಅಂಶದ್ದು ಬ್ರಹ್ಮಗಣ, ಮೂರು ಅಂಶದ್ದು ವಿಷ್ಣುಗಣ, ನಾಲ್ಕು ಅಂಶದ್ದು ರುದ್ರಗಣ. ಅಂಶ ಎಂದರೇನು ಎಂಬುದು ಒಂದೇ ಮಾತಿನಲ್ಲಿ ಮುಗಿಯುತ್ತದೆ. ಗಣದ ಮೊದಲಲ್ಲಿ ಒಂದು ಗುರು ಬಂದರೂ ಒಂದು ಅಂಶ, ಎರಡು ಲಘು ಬಂದರೂ ಒಂದು ಅಂಶ. ಆಮೇಲೆ ಬರುವ ಅಕ್ಷರ ಗುರುವಾಗಲಿ ಲಘುವಾಗಲಿ ಒಂದೊಂದು ಅಂಶ. ಅಷ್ಟೆ.

ಈಗ ಅದೇ ಪದಕ್ಕೆ ಬನ್ನಿ. ಪೇ-ಟೆ-ಗೆ, ಮೂರು ಅಂಶ. ಹೋ-ದ-ವ, ಮೂರು. ಏ-ತ-ಕ್ಕೆ, ಮೂರು. ಬರ-ಲಿ-ಲ್ಲ, ಇಲ್ಲಿ ಮೊದಲ ಎರಡು ಲಘು ಸೇರಿ ಒಂದು ಅಂಶ, ಒಟ್ಟು ಮೂರು. ಮೊದಲ ಸಾಲಿನಲ್ಲಿ ನಾಲ್ಕು ವಿಷ್ಣುಗಣ. ಎರಡನೆಯ ಸಾಲಿನಲ್ಲಿ ತೋ-ಟ-ದ ಮೂರು, ಬಾ-ಳೆ ಎರಡು, ಗೊನೆ-ಬಾ-ಗಿ ಮೂರು, ನಿಂ-ತೈ-ತೆ ಮೂರು. ಮೂರನೆಯದರಲ್ಲಿ ಊ-ಟ-ಕ್ಕೆ ಮೂರು, ಬಾ-ರೊ ಎರಡು, ನನ-ತ-ಮ್ಮ ಮೂರು. ಮೊದಲಿಂದ ಎಣಿಸಿದರೆ 'ಬಾಳೆ' ಆರನೆಯ ಗಣ, 'ಬಾರೊ' ಹತ್ತನೆಯದು. ಎರಡೂ ಬ್ರಹ್ಮಗಣ. ತ್ರಿಪದಿಗೆ ಪುಸ್ತಕ ಹೇಳುವ ಲಕ್ಷಣ ಇದೇ.

ಇನ್ನೊಂದು ಸಂಗತಿ ಗಮನಿಸಿದಿರಾ? ಗಣ ಮುಗಿದಲ್ಲೆಲ್ಲ ಮಾತೂ ಮುಗಿದಿದೆ. ಷಟ್ಪದಿಯಲ್ಲಿ ಗಣದ ಗೀಟು ಪದದ ಹೊಟ್ಟೆ ಸೀಳಿಕೊಂಡು ಹೋಗುವುದು ಮಾಮೂಲು. ಹೊಸದಾಗಿ ಕಲಿಯುವ ಮಗು ಅಲ್ಲೇ ಕಂಗಾಲಾಗುವುದು. ಹಾಡುವ ತ್ರಿಪದಿಯಲ್ಲಿ ಬಹುಮಟ್ಟಿಗೆ ಗಣವೂ ಮಾತೂ ಜೊತೆಯಲ್ಲೇ ನಡೆಯುತ್ತವೆ. ಕಲಿಕೆಗೆ ಇದಕ್ಕಿಂತ ಸಲೀಸಾದ ಬಾಗಿಲು ಬೇಕೆ?

ಆದ್ದರಿಂದ ನನ್ನ ತಕರಾರು ಇಷ್ಟು. ಜನಪದ ಗೀತೆಯ ಪಾಠದಲ್ಲಿ ಗುರು ಲಘು ಮೊದಲಲ್ಲ, ಗಣದ ಗೀಟು ಮೊದಲು. ಆ ಗೀಟನ್ನು ಹಾಕುವುದು ಕಣ್ಣಲ್ಲ, ಕಿವಿ. ಮೊದಲು ಪದವನ್ನು ಬರೆಯದೆ ಹಾಡಿಸಬೇಕು. ಹಾಡುತ್ತಾ ಮೇಜಿನ ಮೇಲೆ ತಟ್ಟಿಸಬೇಕು. ಹುಡುಗರು ನಗುತ್ತಾರೆ, ನಗಲಿ. ನಾಲ್ಕು ಸಲ ಹಾಡುವ ಹೊತ್ತಿಗೆ ಇಡೀ ತರಗತಿ ಒಂದೇ ಜಾಗದಲ್ಲಿ ತಟ್ಟುತ್ತಿರುತ್ತದೆ. ತಟ್ಟು ಬಿದ್ದ ಅಕ್ಷರ ಗಣದ ತಲೆ. ಆಮೇಲೆ ಪದವನ್ನು ಬರೆಸಿ, ತಟ್ಟು ಬಿದ್ದಲ್ಲಿ ಗೀಟು ಹಾಕಿಸಿ. ಕೊನೆಗೆ ಪ್ರತಿ ಗೀಟಿನ ನಡುವೆ ಎಷ್ಟು ಅಂಶ ಎಂದು ಎಣಿಸಲು ಗುರು ಲಘು ಬರಲಿ. ಈಗ ಗುರು ಲಘುವಿಗೊಂದು ಕೆಲಸ ಸಿಕ್ಕಿತು. ಕಿವಿ ಹೇಳಿದ್ದು ನಿಜವೇ ಎಂದು ತಾಳೆ ನೋಡುವ ಕೆಲಸ ಅದು.

ಬರೆಸುವಾಗ ಒಂದು ಎಚ್ಚರ. ಹಾಡುವವರು ಎರಡನೆಯ ಸಾಲಿನ ಒಂದು ತುಂಡನ್ನು ಮತ್ತೆ ಹೇಳಿ ಮೂರನೆಯ ಸಾಲಿಗೆ ಇಳಿಯುತ್ತಾರೆ. ಆ ಮರುಕಳಿಕೆಯನ್ನೂ ಬರೆದು ಎಣಿಸಿದರೆ ಗಣ ಹನ್ನೊಂದನ್ನು ದಾಟುತ್ತದೆ. ಮರಳಿ ಹೇಳಿದ್ದನ್ನು ಒಂದೇ ಸಲ ಬರೆಯಬೇಕು.

ಎಲ್ಲಕ್ಕಿಂತ ದೊಡ್ಡ ಅನಾಹುತ ಮಾಡುವುದು ಕೆಂಪು ಶಾಯಿಯ ಪೆನ್ನು. 'ನನತಮ್ಮ' ಎಂದು ಮಗು ಬರೆಯಿತು. ಮೇಷ್ಟ್ರು 'ನನ್ನ ತಮ್ಮ' ಎಂದು ತಿದ್ದಿದರು. ವ್ಯಾಕರಣಕ್ಕೆ ಸಂತೋಷವಾಯಿತು. ಪದಕ್ಕೆ ಏನಾಯಿತು? ನನ-ತ-ಮ್ಮ ಎಂದಿದ್ದಾಗ ಮೂರು ಅಂಶ. ನ-ನ್ನ-ತ-ಮ್ಮ ಎಂದಾಗ ಮೊದಲ 'ನ' ಒತ್ತಿನಿಂದ ಗುರುವಾಗಿ ತಾನೊಬ್ಬನೇ ಒಂದು ಅಂಶವನ್ನು ತಿಂದುಬಿಟ್ಟಿತು, ಒಟ್ಟು ನಾಲ್ಕಾಯಿತು. ವಿಷ್ಣು ಹೋಗಿ ರುದ್ರ ಬಂದ! ಒಂದೇ ಒಂದು ಒತ್ತಿಗೆ ಸಾಲಿನ ಕೊನೆ ಕಾಲು ಜಾರಿತು. ಅಕ್ಕ 'ನನತಮ್ಮ' ಎಂದದ್ದು ಅವಳಿಗೆ ಕನ್ನಡ ಬರದೆ ಅಲ್ಲ ಸ್ವಾಮಿ, ಅವಳಿಗೆ ಗಣ ಗೊತ್ತಿತ್ತು.

ಹಾಗೆಂದು ಆಡುಮಾತನ್ನು ಮುಟ್ಟಿದರೆ ಸಾಕು ಮಟ್ಟು ಕೆಡುತ್ತದೆ ಎಂದು ಬೊಬ್ಬೆ ಹೊಡೆಯುವವರ ಜೊತೆಗೂ ನಾನಿಲ್ಲ. 'ನಿಂತೈತೆ' ತೆಗೆದು 'ನಿಂತಿದೆ' ಎಂದು ಹಾಕಿ. ನಿಂ-ತಿ-ದೆ, ಮೂರೇ ಅಂಶ, ಮಟ್ಟು ಕೆಡಲಿಲ್ಲ. ಮಣ್ಣಿನ ವಾಸನೆ ಹೋಯಿತು, ಅದು ಬೇರೆ ಮಾತು. 'ನಿಂತುಕೊಂಡಿದೆ' ಎಂದು ಹಾಕಿದರೆ ಐದು ಅಂಶವಾಗಿ ಪದ ಕುಸಿಯುತ್ತದೆ. ಯಾವ ತಿದ್ದುಪಡಿ ಕೊಲ್ಲುತ್ತದೆ, ಯಾವುದು ಕೊಲ್ಲುವುದಿಲ್ಲ ಎಂಬುದನ್ನು ಹೇಳುವುದು ಅಭಿಮಾನವಲ್ಲ, ಎಣಿಕೆ. ಒಂಬತ್ತನೆಯ ತರಗತಿಯ ಹುಡುಗಿ ಇದನ್ನು ಎಣಿಸಿ ತೋರಿಸಿದರೆ ಮೇಷ್ಟ್ರೂ ಪೆನ್ನು ಕೆಳಗಿಡಬೇಕು.

ಇದನ್ನೇ ಆಟ ಮಾಡಬಹುದು. 'ಬಾಳೆ' ಇರುವ ಆರನೆಯ ಜಾಗಕ್ಕೆ ಬೇರೆ ಹಣ್ಣು ತನ್ನಿ ಎಂದು ಮಕ್ಕಳಿಗೆ ಹೇಳಿ. (ಗೊನೆ ಬಿಡುವುದು ಬಾಳೆ. ಬೇರೆ ಮರ ಬಂದರೆ 'ಕೊನೆಬಾಗಿ' ಎಂದು ಬದಲಿಸಿ, ಗಣ ಹಾಗೇ ಉಳಿಯುತ್ತದೆ.) 'ಮಾವು' ಕೂರುತ್ತದೆ. 'ಸೀಬೆ', 'ನಿಂಬೆ' ಕೂರುತ್ತವೆ. 'ಹಲಸು' ಮೂರಕ್ಷರವಾದರೂ ಕೂರುತ್ತದೆ. ಅದೇಕೆ ಎಂದು ಕೇಳಿದರೆ ತಲೆಯ ಎರಡು ಲಘು ಒಂದೇ ಅಂಶ ಎಂಬ ಸೂತ್ರ ಮಗುವಿನ ಬಾಯಿಂದಲೇ ಬರುತ್ತದೆ. 'ದಾಳಿಂಬೆ', 'ಕಿತ್ತಳೆ' ಕೂರುವುದಿಲ್ಲ, ಅವು ಮೂರು ಅಂಶದವು. ಇನ್ನು 'ಪೇಟೆಗೆ' ಬದಲು 'ಮಂಡ್ಯಕ್ಕೆ' ಎಂದು ಹಾಕಿ ನೋಡಿ. ಗಣ ಸರಿಯಾಗಿದೆ, ಆದರೂ ಕಿವಿಗೆ ಏನೋ ಕಡಿಮೆ. ಪೇಟೆ, ತೋಟ, ಊಟ ಎಂಬ ಮೂರರಲ್ಲೂ ಎರಡನೆಯ ಅಕ್ಷರ 'ಟ'ಕಾರವಾಗಿತ್ತು, ಅದು ತಪ್ಪಿತು. ಪ್ರಾಸ ಎಂದರೆ ಏನು ಎಂಬ ಪಾಠ ಅಲ್ಲಿಗೆ ಮುಗಿಯಿತು, ವ್ಯಾಖ್ಯೆ ಬಾಯಿಪಾಠ ಮಾಡಿಸಬೇಕಾಗಿಲ್ಲ.

ಮಾತ್ರಾಗಣ ಎಲ್ಲಿ ಹೋಯಿತು ಎನ್ನುತ್ತೀರಾ? ಅದಕ್ಕೆ ಕೋಲಾಟವಿದೆ. ಬೀಸುವ ಕಲ್ಲು ನಿಧಾನ, ಅದರ ಮುಂದೆ ಅಕ್ಷರವನ್ನು ಎಳೆಯಬಹುದು, ಕುಗ್ಗಿಸಬಹುದು. ಕೋಲಿಗೆ ಆ ಸಡಿಲ ಇಲ್ಲ. ಎದುರಿನವನ ಕೋಲು ಬರುವ ಹೊತ್ತಿಗೆ ನಿಮ್ಮದೂ ಬರಬೇಕು, ಇಲ್ಲದಿದ್ದರೆ ಬೆರಳಿಗೆ ಬೀಳುತ್ತದೆ. 'ಹೊಳೆಯಲಿ ನೀರಿದೆ ಗದ್ದೆಯು ಹಸಿರಿದೆ' ಎಂಬ ಸಾಲು ಕಟ್ಟಿಕೊಳ್ಳಿ. ಒಂದೊಂದು ಮಾತಿಗೂ ನಾಲ್ಕು ಮಾತ್ರೆ, ಒಂದೊಂದು ಹೊಡೆತ. ನಾಲ್ಕು ಮಾತ್ರೆಯ ನಾಲ್ಕು ಗಣ ಎಂದರೆ ಪುಸ್ತಕದಲ್ಲಿ ಮಂದಾನಿಲ ರಗಳೆ ಎಂದು ಬರೆದಿರುವ ಸಾಲಿನ ಅಳತೆಯೇ. ಆ ಭಾರದ ಹೆಸರನ್ನು ಹೊಡೆತ ಕಲಿತ ಮೇಲೆ ಹೇಳಿ, ಮೊದಲೇ ಹೇಳಿ ಹೆದರಿಸಬೇಡಿ.

ಇದಕ್ಕೂ ಒಂದು ಮಿತಿ ಇದೆ. ಉತ್ಪಲಮಾಲೆ, ಚಂಪಕಮಾಲೆಗಳು ಬೀಸುವ ಕಲ್ಲಿನಿಂದಲೂ ಬರುವುದಿಲ್ಲ, ಕೋಲಿನಿಂದಲೂ ಬರುವುದಿಲ್ಲ. ಅವು ಅಕ್ಷರಗಣದ ವೃತ್ತಗಳು, ಸಂಸ್ಕೃತದ ದಾರಿಯವು. ಇಲ್ಲಿ ಪ್ರತಿ ಅಕ್ಷರದ ಗುರು ಲಘು ಮೊದಲೇ ಗೊತ್ತುಮಾಡಿದ್ದು. ಅದನ್ನು ಕಲಿಯಲು 'ಯಮಾತಾರಾಜಭಾನಸಲಗಂ' ಬಾಯಿಪಾಠ ಮಾಡಲೇಬೇಕು. ಜನಪದದಿಂದ ಎಲ್ಲವೂ ಬಂತು ಎನ್ನುವುದು ಭಾಷಣಕ್ಕೆ ಚೆಂದ, ಪಾಠಕ್ಕೆ ಸುಳ್ಳು. ಹಾಗೆಯೇ ಊರಲ್ಲಿ ನಿಜವಾಗಿ ಹಾಡುವ ಪದಗಳೆಲ್ಲ ಲಕ್ಷಣಕ್ಕೆ ಸರಿಯಾಗಿಯೇ ಇರುವುದಿಲ್ಲ. ಆರನೆಯ ಜಾಗದಲ್ಲಿ ಮೂರು ಅಂಶ ಬಂದಿರಬಹುದು, ಹಾಡುವವಳು ಬೇಗ ಹೇಳಿ ಹೊಂದಿಸಿರುತ್ತಾಳೆ. ಅದನ್ನು ತಪ್ಪೆನ್ನದೆ, ಅವಳು ಹೇಗೆ ಹೊಂದಿಸಿದಳು ಎಂದು ಕೇಳಿಸಬೇಕು. ಮೊದಲ ವಾರ ಮಾತ್ರ ಲಕ್ಷಣಕ್ಕೆ ಸರಿಯಾದ ಪದವನ್ನೇ ಆರಿಸಿಕೊಳ್ಳುವುದು ಜಾಣತನ.

ಅಲಂಕಾರದ ವಿಷಯ ಇನ್ನೂ ಮಜವಾಗಿದೆ. ಶಾಲೆಯಲ್ಲಿ ಅಲಂಕಾರ ಹುಡುಕುವುದೆಂದರೆ 'ಅಂತೆ', 'ವೋಲ್', 'ತೆರದಿ' ಹುಡುಕುವುದು. ಸಿಕ್ಕಿದರೆ ಉಪಮೆ, ಸಿಗದಿದ್ದರೆ ಊಹೆ. ಮಂಡ್ಯದ ಕಡೆಯ ಬಾಯಲ್ಲಿ ಉಪಮಾವಾಚಕ 'ಅಂಗೆ'. ಅದು ಯಾವ ಪಟ್ಟಿಯಲ್ಲೂ ಇಲ್ಲ ಎಂದು ಮಗು ಉಪಮೆಯನ್ನೇ ಕಾಣದೆ ದಾಟುತ್ತದೆ. 'ತಮ್ಮ ಬಾಳೆ ಅಂಗೆ ಬಾಗವ್ನೆ' ಎಂದರೆ ತಮ್ಮ ಉಪಮೇಯ, ಬಾಳೆ ಉಪಮಾನ, 'ಅಂಗೆ' ವಾಚಕ, ಬಾಗುವುದು ಸಮಾನಧರ್ಮ. ನಾಲ್ಕೂ ಇವೆ, ಪೂರ್ಣೋಪಮೆ. 'ತಮ್ಮನೇ ಗೊನೆ ಹೊತ್ತ ಬಾಳೆ' ಎಂದರೆ ಎರಡಕ್ಕೂ ಭೇದವಿಲ್ಲ, ರೂಪಕ. 'ತಮ್ಮ ಬರ್ಲಿಲ್ಲ ಅಂತ್ಲೇ ಬಾಳೆ ಬಾಗೈತೋ ಏನೋ' ಎಂದರೆ ಇಲ್ಲದ ಕಾರಣವನ್ನು ಕಲ್ಪಿಸಿದ್ದು, ಉತ್ಪ್ರೇಕ್ಷೆ. ಬಾಳೆ ಒಂದೇ, ತಮ್ಮ ಒಬ್ಬನೇ, ಹೇಳುವ ಬಗೆ ಬದಲಾದಂತೆ ಅಲಂಕಾರ ಬದಲಾಯಿತು. ಮೂರು ಬೇರೆ ಬೇರೆ ಕಾವ್ಯದ ಮೂರು ಉದಾಹರಣೆಗಿಂತ ಈ ಒಂದು ಬಾಳೆ ಹೆಚ್ಚು ಕಲಿಸುತ್ತದೆ.

ಇಷ್ಟಾದ ಮೇಲೆ ಮೂಲ ಪದಕ್ಕೆ ಹಿಂತಿರುಗಿ. 'ತೋಟದ ಬಾಳೆ ಗೊನೆಬಾಗಿ ನಿಂತೈತೆ'. ಇಲ್ಲಿ 'ಅಂಗೆ' ಇಲ್ಲ, 'ಏನೋ' ಇಲ್ಲ. ಅಲಂಕಾರವಿಲ್ಲ ಎಂದು ಬರೆಯುವುದೇ? ಬಾಗಿ ನಿಂತದ್ದು ಬರೀ ಬಾಳೆಯೇ? ಹೊಸ್ತಿಲಲ್ಲಿ ಕಾಯುತ್ತಾ ನಿಂತ ಅಕ್ಕ ಅಲ್ಲವೇ? ಹೋಲಿಕೆಯ ಕೊಂಡಿಯನ್ನು ಕಳಚಿ, ಗಿಡವನ್ನೂ ಮನುಷ್ಯರನ್ನೂ ಅಕ್ಕಪಕ್ಕ ನಿಲ್ಲಿಸಿ ಸುಮ್ಮನಾಗುವುದು ಜನಪದದ ಅಭ್ಯಾಸ. ಇದನ್ನು ಒಂದೇ ಹೆಸರಿನ ಡಬ್ಬಿಗೆ ತುರುಕಲು ಹೋದರೆ ಮೇಷ್ಟ್ರುಗಳಲ್ಲೇ ಜಗಳವಾಗುತ್ತದೆ. ಹಾಗಾಗಿ ಪರೀಕ್ಷೆಯಲ್ಲಿ ಇಂಥ ಸಾಲು ಕೊಡಬಾರದು, ತರಗತಿಯಲ್ಲಿ ಕೊಡಲೇಬೇಕು.

ಈ ನಾಲ್ಕು ತಾಲ್ಲೂಕುಗಳನ್ನೇ ನಾನು ಹಿಡಿದುಕೊಂಡಿರುವುದಕ್ಕೆ ಕಾರಣವಿದೆ. ಕನ್ನಡದ ಮಟ್ಟುಗಳನ್ನು ತಿದ್ದಿ ತೀಡಿದ ಜನ ಇಲ್ಲಿಯವರು. 1926ರಲ್ಲಿ 'ಇಂಗ್ಲಿಷ್ ಗೀತಗಳು' ತಂದು ಹೊಸ ಕವಿತೆಗೆ ಹೊಸ ನಡಿಗೆ ಕೊಟ್ಟ ಬಿ.ಎಂ.ಶ್ರೀ ಅವರ ಊರು ನಾಗಮಂಗಲ ತಾಲ್ಲೂಕಿನ ಬೆಳ್ಳೂರು. 1942ರ 'ಮೈಸೂರು ಮಲ್ಲಿಗೆ'ಯ ಕೆ.ಎಸ್.ನರಸಿಂಹಸ್ವಾಮಿ ಕೆ.ಆರ್.ಪೇಟೆಯ ಕಿಕ್ಕೇರಿಯವರು. ಗೀತನಾಟಕಗಳ ಪು.ತಿ.ನ. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯವರು. ಶ್ರೀರಂಗಪಟ್ಟಣ ರಾಜಧಾನಿಯಾಗಿದ್ದಾಗ 1648ರಲ್ಲಿ ಗೋವಿಂದ ವೈದ್ಯ 'ಕಂಠೀರವ ನರಸರಾಜ ವಿಜಯ' ಬರೆದದ್ದು, ಚಿಕ್ಕದೇವರಾಜರ ಕಾಲದಲ್ಲಿ ಸಂಚಿಯ ಹೊನ್ನಮ್ಮ 'ಹದಿಬದೆಯ ಧರ್ಮ' ಬರೆದದ್ದು ಸಾಂಗತ್ಯದಲ್ಲಿ. ಸಾಂಗತ್ಯ ಎಂದರೆ ತ್ರಿಪದಿಯ ಹತ್ತಿರದ ನೆಂಟ, ಅದೇ ಅಂಶಗಣದ ಮಟ್ಟು. ತ್ರಿಪದಿಗೆ ಗೀಟು ಹಾಕಲು ಕಲಿತ ಮಗು ಹೊನ್ನಮ್ಮನ ಪದ್ಯಕ್ಕೂ ಗೀಟು ಹಾಕಬಲ್ಲದು. ಇನ್ನು ಜನಪದ ಸಂಗ್ರಹಕ್ಕೆ ಜೀವ ತೇದ ಜೀ.ಶಂ.ಪರಮಶಿವಯ್ಯ ಮತ್ತು 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕ ಕಟ್ಟಿದ ಎಚ್.ಎಲ್.ನಾಗೇಗೌಡ, ಇಬ್ಬರೂ ನಾಗಮಂಗಲ ತಾಲ್ಲೂಕಿನವರೇ. ಇಂಥ ನೆಲದ ಶಾಲೆಯಲ್ಲಿ ಛಂದಸ್ಸನ್ನು ಗೈಡು ನೋಡಿ ಕಲಿಸುತ್ತಾರೆಂದರೆ ಹೊಳೆ ದಂಡೆಯಲ್ಲಿ ಬಾಟಲಿ ನೀರು ಮಾರಿದ ಹಾಗೆ.

ಈಗ ನಿಮ್ಮ ಪಾಲಿನ ಕೆಲಸ. ರಾಗಿ ಬೀಸುವುದನ್ನು ಗಿರಣಿ ಎಂದೋ ಕಸಿದುಕೊಂಡಿತು. ಬೀಸುವ ಪದ ಬಲ್ಲವರು ಈಗ ವಯಸ್ಸಾದವರು. ಅವರನ್ನು ಕುರ್ಚಿಯ ಮೇಲೆ ಕೂರಿಸಿ, ಮೊಬೈಲು ಮುಖಕ್ಕೆ ಹಿಡಿದು, 'ಅಜ್ಜಿ, ಒಂದು ಜನಪದ ಗೀತೆ ಹೇಳು' ಎಂದರೆ 'ಏನೂ ಗ್ಯಾಪ್ಕ ಇಲ್ಲ ಕಪ್ಪಾ' ಎನ್ನುತ್ತಾರೆ. ಕೆಲಸದ ಪದ ಕೆಲಸದ ಜೊತೆಗೇ ಬರುವುದು. ಮೂಲೆಯಲ್ಲಿ ಬಿದ್ದಿರುವ ಬೀಸುವ ಕಲ್ಲನ್ನು ತೊಳೆದು ಎದುರಿಗಿಡಿ, ಒಂದು ಹಿಡಿ ರಾಗಿ ಹಾಕಿ, ಗೂಟವನ್ನು ನೀವು ಒಂದು ಕಡೆ ಹಿಡಿಯಿರಿ. ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಿ, 'ನನ'ವನ್ನು 'ನನ್ನ' ಮಾಡಬೇಡಿ. ಆ ಊರಿನ ಹೈಸ್ಕೂಲಿನ ಕನ್ನಡ ಮೇಷ್ಟ್ರಿಗೆ ಆ ಹಾಳೆಯನ್ನೂ ಮೊಬೈಲಿನ ದನಿಯನ್ನೂ ಒಟ್ಟಿಗೆ ಕೊಟ್ಟು ಬನ್ನಿ. ಬರೀ ಹಾಳೆ ಕೊಟ್ಟರೆ ಅವರು ಮತ್ತೆ ಮಾತ್ರೆ ಎಣಿಸಲು ಕೂರುತ್ತಾರೆ.